ಬ್ಯಾಂಕಿನ ಅಪಾಯಕ್ಕೆ ಒಂದೇ ಅಂಕಿ: ವ್ಯಾಲ್ಯೂ ಅಟ್ ರಿಸ್ಕ್ ಲೆಕ್ಕ ಹಾಕುವ ಬಗೆ, ಆ ಅಂಕಿಯ ಹಿಂದೆ ಉಳಿಯುವ ದೊಡ್ಡ ನಷ್ಟವನ್ನು ಹೊರಗೆಳೆಯುವ ಬಗೆ

ಮಂಡ್ಯದ ಒಂದು ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯ ಮುಂದೆ ಅವರ ಹೂಡಿಕೆಗಳ ಅಪಾಯದ ವರದಿ ಇಟ್ಟಿದ್ದೆ. ಒಂದೇ ಹಾಳೆ, ದಪ್ಪ ಅಕ್ಷರದಲ್ಲಿ ಒಂದೇ ಅಂಕಿ: 84 ಲಕ್ಷ ರೂಪಾಯಿ. ನೂರು ದಿನಗಳಲ್ಲಿ ತೊಂಬತ್ತೊಂಬತ್ತು ದಿನ ನಮ್ಮ ಒಂದು ದಿನದ ನಷ್ಟ ಇದನ್ನು ದಾಟುವುದಿಲ್ಲ ಎಂದು ವಿವರಿಸಿದೆ. ಕಬ್ಬು ಬೆಳೆಗಾರರಾದ ಹಿರಿಯ ನಿರ್ದೇಶಕರೊಬ್ಬರು ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿ ಕೇಳಿದರು: "ಅದ್ ಸರಿ ಸಾರ್, ಮಿಕ್ಕಿದ್ ಆ ಒಂದ್ ದಿನ ಎಷ್ಟ್ ಹೋಯ್ತದೆ? ಅದು ಈ ಕಾಗ್ದದಲ್ಲಿ ಎಲ್ಲೈತೆ?"

ಅದು ಆ ಕಾಗದದಲ್ಲಿ ಇರಲಿಲ್ಲ. ಮೈಸೂರಿಗೆ ವಾಪಸಾಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದಿನ ಸಭೆಗೆ ಹಾಳೆಯನ್ನು ಹೊಸದಾಗಿ ಮಾಡಿದೆ. ಅದನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಇದ್ದರೆ ಸಾಕು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ಏನನ್ನು ಅಳೆಯುತ್ತಿದ್ದೇವೆ

ವ್ಯಾಲ್ಯೂ ಅಟ್ ರಿಸ್ಕ್, ಅಂದರೆ ವಿಎಆರ್, ಮೂರು ಸಂಗತಿ ಹೇಳದೆ ಅರ್ಥವಾಗುವುದಿಲ್ಲ: ಎಷ್ಟು ದಿನದ ನಷ್ಟ, ಎಷ್ಟು ಶೇಕಡಾ ಖಾತ್ರಿ, ಯಾವ ಆಸ್ತಿಗಳ ಮೇಲೆ. ನಮ್ಮದು ಒಂದು ದಿನ, ಶೇಕಡಾ 99. ಆಸ್ತಿ ಎಂದರೆ ದಿನವೂ ಮಾರುಕಟ್ಟೆ ಬೆಲೆಯಲ್ಲಿ ಲೆಕ್ಕ ಹಾಕಬೇಕಾದ 100 ಕೋಟಿ ರೂಪಾಯಿಯ ಕೇಂದ್ರ ಸರ್ಕಾರದ ಸಾಲಪತ್ರಗಳು ಮಾತ್ರ. ಬ್ಯಾಂಕು ಕೊಟ್ಟ ಬೆಳೆಸಾಲ, ಮನೆಸಾಲ, ಚಿನ್ನದ ಸಾಲ ಯಾವುದೂ ಇದರೊಳಗಿಲ್ಲ. ಮುಕ್ತಾಯದವರೆಗೆ ಇಟ್ಟುಕೊಳ್ಳುವ ಸಾಲಪತ್ರಗಳೂ ಇಲ್ಲ. "ಬ್ಯಾಂಕಿನ ಅಪಾಯ 84 ಲಕ್ಷ" ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ತಿದ್ದಬೇಕು. ಅದು ಬ್ಯಾಂಕಿನ ಒಂದು ಕಪಾಟಿನ ಅಪಾಯ.

ಈ ಅಂಕಿ ಬ್ಯಾಂಕುಗಳಲ್ಲಿ ಬೇರೂರಿದ್ದು 1990ರ ದಶಕದಲ್ಲಿ. ಜೆಪಿ ಮೋರ್ಗನ್ ಬ್ಯಾಂಕು ತನ್ನ ವಿಧಾನವನ್ನು ರಿಸ್ಕ್‌ಮೆಟ್ರಿಕ್ಸ್ ಎಂಬ ಹೆಸರಿನಲ್ಲಿ 1994ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. 1996ರಲ್ಲಿ, ಬ್ಯಾಂಕುಗಳಿಗೆ ಅಂತರರಾಷ್ಟ್ರೀಯ ನಿಯಮ ರೂಪಿಸುವ ಬಾಸೆಲ್ ಸಮಿತಿ, ಮಾರುಕಟ್ಟೆ ಅಪಾಯಕ್ಕೆ ಎಷ್ಟು ಬಂಡವಾಳ ಇಡಬೇಕು ಎಂಬುದನ್ನು ಇದರ ಮೇಲೆ ನಿರ್ಧರಿಸಲು ದೊಡ್ಡ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಹಲವು ಬಗೆಯ ಅಪಾಯಗಳನ್ನು ರೂಪಾಯಿಯ ಒಂದೇ ಮೊತ್ತಕ್ಕೆ ಇಳಿಸುತ್ತದೆ ಎಂಬುದೇ ಅದರ ಬಲ. ಆ ಬಲವನ್ನು ನಾನು ಅಲ್ಲಗಳೆಯುವುದಿಲ್ಲ. ಅದಿಲ್ಲದೆ ಬರಿಗಣ್ಣಿನ ಅಂದಾಜಿನ ಮೇಲೆ ನಡೆಯುವ ಹೂಡಿಕೆ ವಿಭಾಗಗಳನ್ನು ನೋಡಿದ್ದೇನೆ, ಅದು ಇನ್ನೂ ಅಪಾಯ.

ಮೊದಲ ಹೆಜ್ಜೆ: ಒಂದು ಬೇಸಿಸ್ ಪಾಯಿಂಟಿನ ಬೆಲೆ ತಿಳಿಯಿರಿ

ಮಾರುಕಟ್ಟೆಯಲ್ಲಿ ಬಡ್ಡಿ ಏರಿದರೆ ಹಳೆಯ ಸಾಲಪತ್ರದ ಬೆಲೆ ಇಳಿಯುತ್ತದೆ. ಶೇಕಡಾ 7 ಬಡ್ಡಿ ಕೊಡುವ ಪತ್ರ ನಿಮ್ಮ ಕೈಯಲ್ಲಿದ್ದು, ಹೊಸದಾಗಿ ಬರುವ ಪತ್ರ ಶೇಕಡಾ 8 ಕೊಡುತ್ತಿದ್ದರೆ, ನಿಮ್ಮದನ್ನು ಮುಖಬೆಲೆಗೆ ಯಾರೂ ಕೊಳ್ಳುವುದಿಲ್ಲ. ಎಷ್ಟು ಇಳಿಯುತ್ತದೆ ಎಂದು ಹೇಳುವುದು ಮಾಡಿಫೈಡ್ ಡ್ಯುರೇಶನ್. ನಮ್ಮ 100 ಕೋಟಿಯ ಸರಾಸರಿ ಡ್ಯುರೇಶನ್ 6 ಇತ್ತು. ಅಂದರೆ ಬಡ್ಡಿ ಶೇಕಡಾ 1ರಷ್ಟು ಏರಿದರೆ ಬೆಲೆ ಸುಮಾರು ಶೇಕಡಾ 6 ಇಳಿಯುತ್ತದೆ, 6 ಕೋಟಿ ಹೋಗುತ್ತದೆ. ಶೇಕಡಾ ಒಂದರ ನೂರನೇ ಒಂದು ಭಾಗವೇ ಬೇಸಿಸ್ ಪಾಯಿಂಟ್. ಹಾಗಾಗಿ ಒಂದು ಬೇಸಿಸ್ ಪಾಯಿಂಟಿಗೆ 6 ಲಕ್ಷ.

ಈ 6 ಲಕ್ಷವನ್ನು ನಿರ್ದೇಶಕರಿಗೆ ಮೊದಲು ಹೇಳಿ, ವಿಎಆರ್ ಆಮೇಲೆ ಹೇಳಿ. ನನ್ನ ಅನುಭವದಲ್ಲಿ ಸಭೆಯಲ್ಲಿ ಎಲ್ಲರೂ ಹಿಡಿದುಕೊಳ್ಳುವ ಅಂಕಿ ಇದೇ. ಬೆಳಗಿನ ಪತ್ರಿಕೆಯಲ್ಲಿ ಬಡ್ಡಿ 10 ಪಾಯಿಂಟ್ ಏರಿತೆಂದು ಓದಿದವರು ತಾವೇ 60 ಲಕ್ಷ ಎಂದು ಲೆಕ್ಕ ಹಾಕುತ್ತಾರೆ.

ಎರಡನೇ ಹೆಜ್ಜೆ: ಐನೂರು ದಿನಗಳನ್ನು ಇವತ್ತಿನ ಕಪಾಟಿನ ಮೇಲೆ ಓಡಿಸಿ

ವಿಎಆರ್ ಲೆಕ್ಕಕ್ಕೆ ಹಲವು ದಾರಿಗಳಿವೆ. ಸಣ್ಣ ಬ್ಯಾಂಕಿಗೆ ನಾನು ಹೇಳುವುದು ಹಳೆಯ ದಿನಗಳನ್ನು ಮರುಕಳಿಸುವ ವಿಧಾನ, ಹಿಸ್ಟಾರಿಕಲ್ ಸಿಮ್ಯುಲೇಶನ್. ಕಳೆದ ಐನೂರು ಕೆಲಸದ ದಿನಗಳಲ್ಲಿ ಬಡ್ಡಿ ಹೇಗೆ ಏರಿಳಿಯಿತೋ ಅದೇ ಏರಿಳಿತ ನಾಳೆ ಬಂದರೆ ಇವತ್ತು ನಮ್ಮಲ್ಲಿರುವ ಪತ್ರಗಳಿಗೆ ಏನಾಗುತ್ತದೆ ಎಂದು ಐನೂರು ಬಾರಿ ಕೇಳುವುದು ಅಷ್ಟೇ.

10 ವರ್ಷದ ಸರ್ಕಾರಿ ಸಾಲಪತ್ರದ ಯೀಲ್ಡನ್ನು, ಅಂದರೆ ಆ ದಿನದ ಬೆಲೆಗೆ ಕೊಂಡವರಿಗೆ ಸಿಗುವ ಬಡ್ಡಿಯನ್ನು, 501 ದಿನಗಳಿಗೆ ತೆಗೆದುಕೊಂಡು, ಹಳೆಯ ದಿನ ಮೇಲೆ ಬರುವಂತೆ B2 ಇಂದ B502ರವರೆಗೆ ಶೇಕಡಾದಲ್ಲಿ ತುಂಬಿ. C ಕಾಲಮಿನಲ್ಲಿ ದಿನದ ಬದಲಾವಣೆ ಬೇಸಿಸ್ ಪಾಯಿಂಟಿನಲ್ಲಿ, D ಕಾಲಮಿನಲ್ಲಿ ಲಾಭನಷ್ಟ ಲಕ್ಷ ರೂಪಾಯಿಯಲ್ಲಿ ಬರುತ್ತದೆ:

```
C3:  =(B3-B2)*100
D3:  =-C3*6
F1:  =SMALL(D3:D502,5)
```

C3 ಮತ್ತು D3ರ ಸೂತ್ರವನ್ನು 502ನೇ ಸಾಲಿನವರೆಗೆ ಎಳೆಯಿರಿ. ಐನೂರರಲ್ಲಿ ಶೇಕಡಾ 1 ಎಂದರೆ ಐದು ದಿನ. ಅತಿ ಕೆಟ್ಟ ಐದು ದಿನಗಳಲ್ಲಿ ಐದನೆಯದು, ಅಂದರೆ ಆ ಐದರಲ್ಲಿ ಅತಿ ಕಡಿಮೆ ನಷ್ಟದ ದಿನ, ನಮ್ಮ ವಿಎಆರ್. ಕೆಲವರು ಆರನೆಯದನ್ನು ತೆಗೆದುಕೊಳ್ಳುತ್ತಾರೆ. ಯಾವುದಾದರೂ ಸರಿ, ಪ್ರತಿ ತಿಂಗಳೂ ಅದನ್ನೇ ತೆಗೆದುಕೊಳ್ಳಿ.

ನಮ್ಮ ಹಾಳೆಯಲ್ಲಿ ಆ ಐದು ದಿನಗಳ ಏರಿಕೆ 31, 22, 19, 16 ಮತ್ತು 14 ಪಾಯಿಂಟ್. ಐದನೆಯದು 14, ಅದನ್ನು 6 ಲಕ್ಷದಿಂದ ಗುಣಿಸಿದರೆ 84 ಲಕ್ಷ. ಮೊದಲ ಸಭೆಗೆ ನಾನು ಒಯ್ದಿದ್ದು ಇದನ್ನೇ.

ಒಂದು ಎಚ್ಚರಿಕೆ: ಎಲ್ಲ ಪತ್ರಗಳಿಗೂ 10 ವರ್ಷದ ಯೀಲ್ಡ್ ಒಂದನ್ನೇ ಬಳಸಿದ್ದೇವೆ. 3 ವರ್ಷದ ಮತ್ತು 30 ವರ್ಷದ ಪತ್ರಗಳು ಜೊತೆಯಲ್ಲಿದ್ದರೆ ಅವಧಿಗೆ ತಕ್ಕ ಯೀಲ್ಡನ್ನು ಪ್ರತ್ಯೇಕ ಕಾಲಮುಗಳಲ್ಲಿ ಹಾಕಿ, ದಿನದ ಲಾಭನಷ್ಟವನ್ನು ಕೂಡಿಸಿ, ಆಮೇಲೆ ಐದನೆಯದನ್ನು ಹುಡುಕಬೇಕು. ಪ್ರತಿಯೊಂದರ ವಿಎಆರ್ ಬೇರೆ ಬೇರೆ ಹುಡುಕಿ ಕೂಡಿಸಿದರೆ ಲೆಕ್ಕ ತಪ್ಪುತ್ತದೆ.

ಮೂರನೇ ಹೆಜ್ಜೆ: ಗೆರೆಯ ಆಚೆ ಇರುವುದನ್ನು ಬರೆಯಿರಿ

ಈಗ ನಿರ್ದೇಶಕರ ಪ್ರಶ್ನೆಗೆ ಬರೋಣ. 84 ಲಕ್ಷ ಎಂಬುದು ಗೆರೆ. ಗೆರೆಯ ಆಚೆ ನಾಲ್ಕು ದಿನಗಳಿವೆ, 96 ಲಕ್ಷ, 1.14 ಕೋಟಿ, 1.32 ಕೋಟಿ, 1.86 ಕೋಟಿ. ಈ ನಾಲ್ಕನ್ನೂ ಹತ್ತು ಪಟ್ಟು ಮಾಡಿ ನೋಡಿ. ವಿಎಆರ್ 84 ಲಕ್ಷವಾಗಿಯೇ ಉಳಿಯುತ್ತದೆ, ಒಂದು ರೂಪಾಯಿಯೂ ಕದಲುವುದಿಲ್ಲ. ಐದನೆಯ ಜಾಗದಲ್ಲಿ ಯಾರು ನಿಂತಿದ್ದಾರೆ ಎಂಬುದಷ್ಟೇ ಅದಕ್ಕೆ ಬೇಕು, ಮುಂದೆ ನಿಂತವರು ಎಷ್ಟು ಎತ್ತರ ಎಂದು ಅದು ನೋಡುವುದೇ ಇಲ್ಲ.

ಆ ಹಿರಿಯರಿಗೆ ನಾನು ಕಾವೇರಿಯ ಲೆಕ್ಕದಲ್ಲಿ ಹೇಳಿದೆ. ನೂರಕ್ಕೆ ತೊಂಬತ್ತೊಂಬತ್ತು ದಿನ ಹೊಳೆ ಈ ಗುರುತು ದಾಟುವುದಿಲ್ಲ ಎಂದು ಶ್ರೀರಂಗಪಟ್ಟಣದ ಹೊಳೆಬದಿಯ ರೈತನಿಗೆ ಹೇಳಿದರೆ ಅದು ಸುಳ್ಳಲ್ಲ. ಆದರೆ ಕೆಆರ್‌ಎಸ್ 124.80 ಅಡಿ ತುಂಬಿ, ಗೇಟು ಎತ್ತಿ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುವ ಆ ಮೂರು ನಾಲ್ಕು ದಿನ ಗದ್ದೆಯಲ್ಲಿ ನೀರು ಪಾದದ ಮಟ್ಟಕ್ಕೆ ಬರುತ್ತದೋ, ಪಂಪ್‌ಸೆಟ್ಟು ಮುಳುಗಿಸುತ್ತದೋ ಎಂಬುದರ ಮೇಲೆ ಅವನ ವರ್ಷ ನಿಂತಿದೆ. ಹೊಳೆಯ ಗುರುತು ಎರಡಕ್ಕೂ ಒಂದೇ.

ಇದಕ್ಕೆ ಮೊದಲ ಪರಿಹಾರ, ಗೆರೆಯ ದಿನವನ್ನೂ ಸೇರಿಸಿ ಆ ಐದು ದಿನಗಳ ಸರಾಸರಿಯನ್ನು ವಿಎಆರ್ ಪಕ್ಕದಲ್ಲಿ ಬರೆಯುವುದು. ಇದರ ಹೆಸರು ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್.

```
F2:  =AVERAGEIF(D3:D502,"<="&F1)
```

ನಮ್ಮ ಐದರ ಮೊತ್ತ 612 ಲಕ್ಷ, ಸರಾಸರಿ 1.22 ಕೋಟಿ. ಕೆಟ್ಟ ದಿನಗಳು ಇನ್ನಷ್ಟು ಕೆಟ್ಟದ್ದಾದರೆ ಈ ಅಂಕಿ ಏರುತ್ತದೆ. ಇದೇ ಕಾರಣಕ್ಕೆ ಬಾಸೆಲ್ ಸಮಿತಿಯೂ ತನ್ನ ಹೊಸ ಮಾರುಕಟ್ಟೆ ಅಪಾಯದ ನಿಯಮಗಳಲ್ಲಿ ಶೇಕಡಾ 99ರ ವಿಎಆರ್ ಬಿಟ್ಟು ಶೇಕಡಾ 97.5ರ ಎಕ್ಸ್‌ಪೆಕ್ಟೆಡ್ ಶಾರ್ಟ್‌ಫಾಲ್‌ಗೆ ಬಂದಿತು. ಆದರೆ ಇದನ್ನೂ ಪೂರ್ತಿ ನಂಬಬೇಡಿ. ಐದೇ ದಿನಗಳ ಸರಾಸರಿ ಅದು, ಒಂದು ದಿನ ಪಟ್ಟಿಗೆ ಸೇರಿದರೆ, ಒಂದು ಬಿಟ್ಟರೆ ಜಿಗಿಯುತ್ತದೆ. ಐನೂರು ದಿನಗಳಲ್ಲಿ ನಡೆಯದೇ ಇದ್ದದ್ದು ಅದಕ್ಕೂ ಗೊತ್ತಿಲ್ಲ.

ನಾಲ್ಕನೇ ಹೆಜ್ಜೆ: 2013ರ ಜುಲೈಯನ್ನು ನಿಮ್ಮ ಕಪಾಟಿಗೆ ತನ್ನಿ

2013ರ ಜುಲೈ 15ರ ರಾತ್ರಿ, ಬೀಳುತ್ತಿದ್ದ ರೂಪಾಯಿಯನ್ನು ತಡೆಯಲು ರಿಸರ್ವ್ ಬ್ಯಾಂಕು ಮಾರ್ಜಿನಲ್ ಸ್ಟ್ಯಾಂಡಿಂಗ್ ಫೆಸಿಲಿಟಿಯ, ಅಂದರೆ ಬ್ಯಾಂಕುಗಳು ತನ್ನಿಂದ ಒಂದು ರಾತ್ರಿಗೆ ತುರ್ತಾಗಿ ಪಡೆಯುವ ಸಾಲದ, ಬಡ್ಡಿಯನ್ನು ಶೇಕಡಾ 10.25ಕ್ಕೆ ಏರಿಸಿತು. ಮರುದಿನ 10 ವರ್ಷದ ಯೀಲ್ಡ್ ಒಂದೇ ದಿನದಲ್ಲಿ ಸುಮಾರು ಅರ್ಧ ಶೇಕಡಾ, ಅಂದರೆ 50 ಪಾಯಿಂಟಿನಷ್ಟು ಜಿಗಿಯಿತು. ನಮ್ಮ ಕಪಾಟಿನ ಮೇಲೆ ಹಾಕಿದರೆ 50 ಗುಣಿಸು 6 ಲಕ್ಷ, 3 ಕೋಟಿ. ವಿಎಆರ್‌ನ ಮೂರೂವರೆ ಪಟ್ಟು, ಒಂದೇ ದಿನದಲ್ಲಿ.

ಅಲ್ಲಿಗೂ ನಿಲ್ಲಲಿಲ್ಲ. ಜುಲೈ ಮಧ್ಯದಲ್ಲಿ ಶೇಕಡಾ 7.5ರ ಆಸುಪಾಸಿನಲ್ಲಿದ್ದ ಯೀಲ್ಡ್ ಆಗಸ್ಟ್ 20ರ ಹೊತ್ತಿಗೆ ಶೇಕಡಾ 9 ದಾಟಿತ್ತು. 150 ಪಾಯಿಂಟ್ ಎಂದಿಟ್ಟುಕೊಳ್ಳಿ, 9 ಕೋಟಿ ನಷ್ಟ. ಹಲವು ದಿನಗಳ ವಿಎಆರ್ ಬೇಕಾದಾಗ ಒಂದು ದಿನದ ಅಂಕಿಯನ್ನು ದಿನಗಳ ವರ್ಗಮೂಲದಿಂದ ಗುಣಿಸುವುದು ವಾಡಿಕೆ. ಆ ಅವಧಿಯಲ್ಲಿ ಸುಮಾರು 25 ವ್ಯಾಪಾರದ ದಿನಗಳು, ವರ್ಗಮೂಲ 5, ಬರುವ ಉತ್ತರ 4.2 ಕೋಟಿ. ನಿಜವಾದದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ವರ್ಗಮೂಲದ ಲೆಕ್ಕ ಒಂದು ದಿನಕ್ಕೂ ಮರುದಿನಕ್ಕೂ ಸಂಬಂಧವಿಲ್ಲ ಎಂದು ನಂಬಿಕೊಂಡಿರುತ್ತದೆ. ಮಾರುಕಟ್ಟೆ ಹೆದರಿದಾಗ ಕೆಟ್ಟ ದಿನಗಳು ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ.

ಇನ್ನೂ ಒಂದು ವಿಷಯವನ್ನು ಆ ಆಗಸ್ಟ್ ತೋರಿಸಿತು. ಎಷ್ಟೋ ಬ್ಯಾಂಕುಗಳ ನಷ್ಟ ಬೆಳೆದದ್ದನ್ನು ನೋಡಿ ರಿಸರ್ವ್ ಬ್ಯಾಂಕೇ ಮಧ್ಯ ಪ್ರವೇಶಿಸಿ, ಸಾಲಪತ್ರಗಳನ್ನು ಜುಲೈ 15ರ ಬೆಲೆಯಲ್ಲಿ ಮುಕ್ತಾಯದವರೆಗೆ ಇಡುವ ವರ್ಗಕ್ಕೆ ಸಾಗಿಸಲು, ನಷ್ಟವನ್ನು ವರ್ಷದ ಉಳಿದ ಅವಧಿಗೆ ಹಂಚಿಕೊಳ್ಳಲು ಅನುಮತಿ ಕೊಟ್ಟಿತು. ಒಂದು ದಿನದ ವಿಎಆರ್ ಒಳಗೆ ಬೇಡವೆನಿಸಿದ್ದನ್ನು ನಾಳೆಯೇ ಮಾರಿ ಕೈತೊಳೆದುಕೊಳ್ಳಬಹುದು ಎಂಬ ಊಹೆ ಅಡಗಿದೆ. ಎಲ್ಲರೂ ಮಾರಲು ನಿಂತ ದಿನ ಕೊಳ್ಳುವವರು ಇರುವುದಿಲ್ಲ.

ಈ ಹೆಜ್ಜೆಯನ್ನು ಹಾಳೆಯಲ್ಲಿ ಎರಡೇ ಸಾಲಿನಲ್ಲಿ ಬರೆಯಿರಿ: ಒಂದು ದಿನ 50 ಪಾಯಿಂಟ್ ಏರಿದರೆ 3 ಕೋಟಿ, ಒಂದು ತಿಂಗಳಿಗೂ ತುಸು ಹೆಚ್ಚಿನ ಅವಧಿಯಲ್ಲಿ 150 ಏರಿದರೆ 9 ಕೋಟಿ. ಐನೂರು ದಿನಗಳ ಕಿಟಕಿಯಿಂದ 2013 ಎಂದೋ ಹೊರಬಿದ್ದಿದೆ. ನೀವು ಕೈಯಾರೆ ತರದಿದ್ದರೆ ಅದು ತಾನಾಗಿ ಬರುವುದಿಲ್ಲ. ನಮ್ಮ 31 ಪಾಯಿಂಟಿನ ದಿನವೂ ಒಂದು ದಿನ ಹಾಗೆಯೇ ಜಾರಿಹೋಗುತ್ತದೆ. ಆಗ ಪಟ್ಟಿಯಲ್ಲಿ ಮುಂದಿನದಾದ 13 ಐದನೇ ಜಾಗಕ್ಕೆ ಬಂದು ವಿಎಆರ್ 78 ಲಕ್ಷಕ್ಕೆ ಇಳಿಯುತ್ತದೆ. ಕಪಾಟಿನಲ್ಲಿ ಒಂದು ಪತ್ರವೂ ಬದಲಾಗಿರುವುದಿಲ್ಲ.

ಐದನೇ ಹೆಜ್ಜೆ: ಅಂಕಿ ಇಳಿದಾಗ ಹೆಚ್ಚು ಹುಷಾರಾಗಿರಿ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಎರಡನೇ ಸಭೆಗೆ ಮೊದಲು ಹೂಡಿಕೆ ವಿಭಾಗದವರು ಒಂದು ಪ್ರಸ್ತಾಪ ತಂದಿದ್ದರು: 100 ಕೋಟಿಯಲ್ಲಿ 20 ಕೋಟಿಯ ಸರ್ಕಾರಿ ಪತ್ರ ಮಾರಿ, ಅತಿ ಸುರಕ್ಷಿತ ಎನ್ನುವ ಟ್ರಿಪಲ್ ಎ ದರ್ಜೆಯ ಒಂದು ಹಣಕಾಸು ಕಂಪನಿಯ ಬಾಂಡ್ ಕೊಳ್ಳೋಣ. ಬಡ್ಡಿ ಹೆಚ್ಚು, ಡ್ಯುರೇಶನ್ 2 ಮಾತ್ರ. "ವಿಎಆರ್ ಕೂಡ ಕಡಿಮೆಯಾಗುತ್ತದೆ ಸರ್" ಎಂದರು ಆ ವಿಭಾಗದ ಹುಡುಗ.

ಅವನ ಲೆಕ್ಕ ಸರಿಯಾಗಿಯೇ ಇತ್ತು. ಉಳಿದ 80 ಕೋಟಿಗೆ ಪಾಯಿಂಟಿಗೆ 4.8 ಲಕ್ಷ, ಕಂಪನಿ ಬಾಂಡಿನ 20 ಕೋಟಿಗೆ 40 ಸಾವಿರ, ಒಟ್ಟು 5.2 ಲಕ್ಷ. 14 ಪಾಯಿಂಟಿನಿಂದ ಗುಣಿಸಿದರೆ ಸುಮಾರು 73 ಲಕ್ಷ. ಆದಾಯ ಹೆಚ್ಚಿತು, ಅಪಾಯದ ಅಂಕಿ 84ರಿಂದ 73ಕ್ಕೆ ಇಳಿಯಿತು. ಯಾವ ಮಂಡಳಿ ಬೇಡವೆನ್ನುತ್ತದೆ?

ಈಗ ಆ ಕಂಪನಿ ಬಡ್ಡಿ ಕಟ್ಟುವುದನ್ನು ನಿಲ್ಲಿಸಿತು ಎಂದುಕೊಳ್ಳಿ. ಅರ್ಧ ಹಣ ವಾಪಸು ಬಂದರೂ 10 ಕೋಟಿ ಹೋಯಿತು. 2013ರ ಇಡೀ ಬಿರುಗಾಳಿ ತಂದ ನಷ್ಟಕ್ಕಿಂತ ಹೆಚ್ಚು. ಇದು ಐನೂರು ದಿನಗಳ ಪಟ್ಟಿಯಲ್ಲಿ ಎಲ್ಲಿಯೂ ಕಾಣಲಿಲ್ಲ, ಏಕೆಂದರೆ ಆ ಐನೂರು ದಿನ ಆ ಕಂಪನಿ ತಪ್ಪದೆ ಕಟ್ಟಿತ್ತು. ಅದರ ಬಾಂಡ್ ದಿನವೂ ಕೈ ಬದಲಾಗುವ ಸರಕೂ ಅಲ್ಲ, ಹಾಗಾಗಿ ಬೆಲೆ ಅಲುಗಾಡದೆ ನಿಂತಂತೆ ಕಾಣುತ್ತಿತ್ತು. ದರ್ಜೆಯ ಮೇಲೆ ಭಾರ ಹಾಕುವವರು ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಅಂಡ್ ಎಫ್ಎಸ್ ಅನ್ನು ನೆನಪಿಡಬೇಕು. 2018ರ ಆಗಸ್ಟ್‌ವರೆಗೂ ಟ್ರಿಪಲ್ ಎ ಇದ್ದ ಕಂಪನಿ ಸೆಪ್ಟೆಂಬರಿನಲ್ಲಿ ಡಿ ದರ್ಜೆಗೆ, ಅಂದರೆ ಸಾಲ ಕಟ್ಟಲಾಗದ ಸ್ಥಿತಿಗೆ, ಕುಸಿಯಿತು.

ವಿಎಆರ್ ಇಳಿಸಿದವರಿಗೆ ಶಾಬಾಸ್ ಹೇಳುವ ಬ್ಯಾಂಕಿನಲ್ಲಿ ಅಪಾಯ ಗೆರೆಯ ಈಚೆಯಿಂದ ಆಚೆಗೆ ಸರಿಯುತ್ತದೆ. ಅದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಪದೇ ಪದೇ ಬರುವ ಸಣ್ಣ ನಷ್ಟ ಕೊಟ್ಟು, ಎಂದೋ ಬರುವ ದೊಡ್ಡ ನಷ್ಟ ಕೊಂಡರೆ ಅಂಕಿ ಸುಂದರವಾಗುತ್ತದೆ.

ಇದರ ಇನ್ನೊಂದು ಮುಖ ನೋಡಿ. ಒಂದು ವರ್ಷದಲ್ಲಿ ಕಂಪನಿ ಕೈ ಎತ್ತುವ ಸಾಧ್ಯತೆ ಶೇಕಡಾ 0.6 ಎಂದಿಟ್ಟುಕೊಳ್ಳಿ. 20 ಕೋಟಿಯನ್ನೂ ಒಂದೇ ಕಂಪನಿಯಲ್ಲಿ ಇಟ್ಟರೆ, ಶೇಕಡಾ 99.4ರಷ್ಟು ಸಾಧ್ಯತೆಯಲ್ಲಿ ನಷ್ಟವಿಲ್ಲ. ಶೇಕಡಾ 99ರ ವರ್ಷದ ವಿಎಆರ್ ಸೊನ್ನೆ. ಬುದ್ಧಿವಂತಿಕೆಯಿಂದ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಂಪನಿಗಳಲ್ಲಿ 10 ಕೋಟಿಯಂತೆ ಹಂಚಿದರೆ, ಎರಡರಲ್ಲಿ ಒಂದಾದರೂ ಕೈ ಎತ್ತುವ ಸಾಧ್ಯತೆ ಸುಮಾರು ಶೇಕಡಾ 1.2. ಅದು ಶೇಕಡಾ 1ನ್ನು ದಾಟಿತು, ಆ 10 ಕೋಟಿಯಲ್ಲಿ ಅರ್ಧ ವಾಪಸು ಬಂದರೂ ವಿಎಆರ್ ಒಮ್ಮೆಲೇ 5 ಕೋಟಿ. ಹಂಚಿ ಇಟ್ಟವನಿಗೆ ಕೆಂಪು ಗುರುತು, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದವನಿಗೆ ಸೊನ್ನೆ. ಗಣಿತಜ್ಞ ಆರ್ಟ್ಸ್‌ನರ್ ಮತ್ತು ಮೂವರು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿಎಆರ್‌ನ ಇದೇ ದೋಷವನ್ನು ಗಣಿತದಲ್ಲಿ ತೋರಿಸಿದ್ದರು.

ಹಾಗಾಗಿ ಸಾಲ ಮುಳುಗಬಹುದಾದ ಯಾವ ಪತ್ರವನ್ನೂ ವಿಎಆರ್ ಹಾಳೆಯಲ್ಲಿ ಬಡ್ಡಿಯ ಏರಿಳಿತದ ಜೊತೆ ಬೆರೆಸಬೇಡಿ. ಅದಕ್ಕೆ ಬೇರೆ ಸಾಲು ಬರೆಯಿರಿ: ಕಂಪನಿಯ ಹೆಸರು, ಇಟ್ಟ ಹಣ, ಅರ್ಧ ಮಾತ್ರ ವಾಪಸಾದರೆ ನಷ್ಟ ಎಷ್ಟು.

ಕೆಟ್ಟ ದಿನ ಕಿಟಕಿಯಿಂದ ಜಾರುವುದು, ಅಪಾಯ ಗೆರೆಯ ಆಚೆಗೆ ಸರಿಯುವುದು, ಇವೆರಡಲ್ಲದೆ ಅಂಕಿ ಇಳಿಯಲು ಮೂರನೆಯ ಕಾರಣವೂ ಇದೆ, ಲೆಕ್ಕದ ವಿಧಾನವೇ ಬದಲಾಗುವುದು. 2012ರ ಜನವರಿಯಲ್ಲಿ ಜೆಪಿ ಮೋರ್ಗನ್ ಚೇಸ್‌ನ ಲಂಡನ್ ವಿಭಾಗ ಹೊಸ ವಿಎಆರ್ ಮಾದರಿಗೆ ಹೋಯಿತು, ಅಂಕಿ ಸುಮಾರು ಅರ್ಧಕ್ಕೆ ಇಳಿಯಿತು. ಆ ಮಾದರಿ ಕೈಯಲ್ಲಿ ನಕಲಿಸಿ ಅಂಟಿಸುವ ಎಕ್ಸೆಲ್ ಹಾಳೆಗಳ ಮೇಲೆ ನಡೆಯುತ್ತಿತ್ತು, ಒಂದು ಕಡೆ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಲಾಗಿತ್ತು ಎಂದು ಬ್ಯಾಂಕಿನದೇ ತನಿಖೆ ಆಮೇಲೆ ಹೇಳಿತು. ಆ ವರ್ಷ ಅಲ್ಲಿ ಆದ ನಷ್ಟ ಸುಮಾರು 620 ಕೋಟಿ ಡಾಲರ್. ನಮ್ಮದೂ ಎಕ್ಸೆಲ್ ಹಾಳೆಯೇ ಆದ್ದರಿಂದ ಇದನ್ನು ದೂರದ ಕಥೆ ಎಂದುಕೊಳ್ಳಬಾರದು. ಸೂತ್ರ ಬದಲಾದ ತಿಂಗಳು ಹಳೆಯ ಸೂತ್ರದ ಉತ್ತರವನ್ನೂ ಪಕ್ಕದಲ್ಲೇ ಬರೆಯಿರಿ.

ಆರನೇ ಹೆಜ್ಜೆ: ದಾಟಿದ ದಿನಗಳ ಪುಸ್ತಕ ಇಡಿ

ಪ್ರತಿ ಸಂಜೆ ನಿಜವಾದ ನಷ್ಟವನ್ನು ಹಿಂದಿನ ದಿನದ ವಿಎಆರ್ ಜೊತೆ ಹೋಲಿಸಿ. 250 ದಿನಗಳಲ್ಲಿ ಎರಡು ಮೂರು ದಿನ ದಾಟುವುದು ಸಹಜ. ಬಾಸೆಲ್ ನಿಯಮದಲ್ಲಿ 4ರವರೆಗೆ ಹಸಿರು, 5ರಿಂದ 9 ಹಳದಿ, 10 ಆದರೆ ಕೆಂಪು. ಎಣಿಕೆ ಮಾತ್ರ ಸಾಲದು. 85 ಲಕ್ಷದ ದಿನವೂ 3 ಕೋಟಿಯ ದಿನವೂ ಎಣಿಕೆಯಲ್ಲಿ ಒಂದೊಂದೇ, ನಾಲ್ಕೇ ಬಾರಿ ದಾಟಿ ಬ್ಯಾಂಕನ್ನು ಬರಿದು ಮಾಡಿದರೂ ಬಣ್ಣ ಹಸಿರೇ. ಆದ್ದರಿಂದ ತಾರೀಖು, ಎಷ್ಟು ದಾಟಿತು, ಏಕೆ ದಾಟಿತು, ಮೂರನ್ನೂ ಬರೆಯಿರಿ. ಒಂದೇ ವಾರದಲ್ಲಿ ಎರಡು ತಾರೀಖು ಬಿದ್ದರೆ ತಿಂಗಳ ಕೊನೆಗೆ ಕಾಯದೆ ಅಧ್ಯಕ್ಷರಿಗೆ ಫೋನ್ ಮಾಡಿ. ವರ್ಷವಿಡೀ ಒಮ್ಮೆಯೂ ದಾಟದಿದ್ದರೆ ಸಂತೋಷ ಪಡುವ ಮೊದಲು ಬೆಲೆಗಳು ನಿಜವಾಗಿ ದಿನವೂ ಬದಲಾಗುತ್ತಿವೆಯೇ, ಹಳೆಯ ಬೆಲೆಯೇ ನಿಂತಿದೆಯೇ ನೋಡಿ.

ಮಂಡಳಿಗೆ ಹೋದ ಹಾಳೆ

ಎರಡನೇ ಸಭೆಗೆ ಒಯ್ದ ಹಾಳೆಯಲ್ಲಿ ಹೊಸ ಪ್ರಸ್ತಾಪದ ಲೆಕ್ಕ ಹೀಗಿತ್ತು. ವಿಎಆರ್ 73 ಲಕ್ಷ. ಅತಿ ಕೆಟ್ಟ ಐದು ದಿನಗಳ ಸರಾಸರಿ 1.06 ಕೋಟಿ. 2013ರಂಥ ಒಂದು ದಿನ ಬಂದರೆ 2.6 ಕೋಟಿ, ಅಂಥ ಒಂದು ಅವಧಿ ಬಂದರೆ 7.8 ಕೋಟಿ. ಕಂಪನಿ ಕೈ ಎತ್ತಿದರೆ 10 ಕೋಟಿ. ಕೊನೆಯ ಸಾಲಿನಲ್ಲಿ, ಎಲ್ಲವನ್ನೂ ಅಳೆಯಲು, ಬ್ಯಾಂಕಿನ ಸ್ವಂತ ಬಂಡವಾಳ: 40 ಕೋಟಿ.

ಹಿರಿಯರು ಈ ಬಾರಿ ಹಾಳೆ ತಿರುಗಿಸಲಿಲ್ಲ. ಬೆರಳು 73ರ ಮೇಲೆ ನಿಲ್ಲದೆ ನೇರ 10 ಕೋಟಿಗೆ ಹೋಯಿತು, ಅಲ್ಲಿಂದ 40 ಕೋಟಿಗೆ. "ಕಾಲ್ ಭಾಗ ಒಂದೇ ಕಂಪ್ನಿ ಮ್ಯಾಲೆ" ಎಂದರು. ಯಾವ ಒಂದು ಕಂಪನಿ ಮುಳುಗಿದರೂ ನಷ್ಟ 2 ಕೋಟಿ ದಾಟಬಾರದು ಎಂದು ಮಂಡಳಿ ಅಂದೇ ನಿರ್ಣಯ ಬರೆಯಿತು. ಹೂಡಿಕೆ ವಿಭಾಗದ ಹುಡುಗ ಪ್ರಸ್ತಾಪವನ್ನು 4 ಕೋಟಿಗೆ ಇಳಿಸಿ ಮತ್ತೆ ತಂದ. ಅದರಲ್ಲಿ ವಿಎಆರ್ 82 ಲಕ್ಷ ಇತ್ತು.